ಪಾಠ ಯೋಜನೆಯಲ್ಲಿ ‘ಯಾಕೆ’ ಬರೆಯುವುದು ಹೇಗೆ: ಐದನೇ ತರಗತಿಯ ಒಂದು ಭಿನ್ನರಾಶಿ ಪಾಠ

ಬೋಧನಾಭ್ಯಾಸದ ಫೈಲುಗಳನ್ನು ತಿದ್ದುವಾಗ ನನಗೆ ಪದೇ ಪದೇ ಸಿಗುವ ಒಂದು ವಾಕ್ಯವಿದೆ: ‘ಚಟುವಟಿಕೆ ಆಧಾರಿತ ವಿಧಾನವನ್ನು ಬಳಸಿದ್ದರಿಂದ ಮಕ್ಕಳು ಸಕ್ರಿಯವಾಗಿ ಭಾಗವಹಿಸುತ್ತಾರೆ.’ ಪಾಠ ಭಿನ್ನರಾಶಿಯದ್ದಾದರೂ ಇದೇ ವಾಕ್ಯ, ಸಸ್ಯದ ಭಾಗಗಳದ್ದಾದರೂ ಇದೇ, ಕದಂಬರದ್ದಾದರೂ ಇದೇ. ಬರೆದವರಿಗೂ ಗೊತ್ತು, ಇದು ಜಾಗ ತುಂಬಿಸುವ ಸಾಲು ಅಂತ.

ಫೈಲಿನಲ್ಲಿ ‘ವಿಧಾನದ ಸಮರ್ಥನೆ’ ಅಂತ ಒಂದು ಕಾಲಂ ಇರುತ್ತದಲ್ಲ, ಅಲ್ಲಿ ಕೇಳುತ್ತಿರುವುದು ಇಷ್ಟೇ. ಈ ಮಕ್ಕಳು ಈ ಪಾಠದಲ್ಲಿ ಎಲ್ಲಿ ಎಡವುತ್ತಾರೆ ಅಂತ ನಿಮಗೆ ಅನಿಸಿತು? ಅದಕ್ಕೆ ಏನು ಮಾಡಿದಿರಿ? ಅದೇ ಕೆಲಸಕ್ಕೆ ಇದ್ದ ಇನ್ನೊಂದು ದಾರಿಯನ್ನು ಯಾಕೆ ಬಿಟ್ಟಿರಿ? ಈ ಮೂರಕ್ಕೂ ಉತ್ತರ ಸಿಕ್ಕರೆ ಸಮರ್ಥನೆ ತಾನಾಗಿ ಬರುತ್ತದೆ.

ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಪಾಠವನ್ನೇ ಹಿಡಿದು ನೋಡೋಣ. ಐದನೇ ತರಗತಿ, 28 ಮಕ್ಕಳು, 40 ನಿಮಿಷದ ಅವಧಿ. ವಿಷಯ: 1/6, 1/8ರಂಥ ಭಿನ್ನರಾಶಿಗಳಲ್ಲಿ ಯಾವುದು ದೊಡ್ಡದು ಅಂತ ಹೇಳುವುದು.

ಮೊದಲು ಒಂದು ಚೀಟಿ

ಯೋಜನೆ ಬರೆಯುವ ಹಿಂದಿನ ದಿನ ಆ ತರಗತಿಗೆ ಐದು ನಿಮಿಷ ಹೋಗಿ ಬನ್ನಿ. ತರಗತಿ ಶಿಕ್ಷಕರನ್ನು ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಪ್ರತಿ ಮಗುವಿಗೂ ಒಂದು ಚೀಟಿ ಕೊಟ್ಟು ಮೂರು ಪ್ರಶ್ನೆ ಹಾಕಿ. 3/8, 5/8 ಇವುಗಳಲ್ಲಿ ಯಾವುದು ದೊಡ್ಡದು? 1/6, 1/8 ಇವುಗಳಲ್ಲಿ ಯಾವುದು ದೊಡ್ಡದು? ಒಂದು ಉದ್ದನೆಯ ಪಟ್ಟಿ ಬರೆದು ಅದರ 1/3 ಭಾಗಕ್ಕೆ ಬಣ್ಣ ಹಾಕಿ.

ಈ ಮೂರನ್ನೇ ಆರಿಸಿದ್ದಕ್ಕೂ ಕಾರಣ ಇದೆ. ಮೊದಲನೆಯದನ್ನು ಬಹಳ ಮಕ್ಕಳು ಸರಿಯಾಗಿ ಬರೆಯುತ್ತಾರೆ. ಭಿನ್ನರಾಶಿ ಗೊತ್ತಿರಲೇಬೇಕು ಅಂತೇನಿಲ್ಲ, 3ಕ್ಕಿಂತ 5 ದೊಡ್ಡದು ಅಂತ ಗೊತ್ತಿದ್ದರೆ ಸಾಕು. ಅದೇ ಮಗು ಎರಡನೆಯದಕ್ಕೆ 1/8 ದೊಡ್ಡದು ಅಂತ ಬರೆದರೆ ಗುಟ್ಟು ಬಯಲಾಯಿತು. ಅದು ಭಿನ್ನರಾಶಿಯನ್ನು ಒಂದು ಸಂಖ್ಯೆಯಾಗಿ ನೋಡುತ್ತಿಲ್ಲ. ಮೇಲೊಂದು, ಕೆಳಗೊಂದು, ಎರಡು ಬಿಡಿ ಸಂಖ್ಯೆಗಳಾಗಿ ನೋಡುತ್ತಿದೆ. ಮೂರನೆಯದು ಬೇರೆಯದೇ ತೊಂದರೆಯನ್ನು ತೋರಿಸುತ್ತದೆ. ಕೆಲವರು ಪಟ್ಟಿಯನ್ನು ಮೂರು ಮಾಡುತ್ತಾರೆ, ಆದರೆ ಒಂದು ಅಗಲ, ಇನ್ನೆರಡು ಸಣ್ಣ. ‘ಸಮ ಭಾಗ’ ಅನ್ನುವುದು ಅವರಿಗೆ ಇನ್ನೂ ಮುಖ್ಯ ಅನಿಸಿಲ್ಲ.

ಉದಾಹರಣೆಗೆ, 28 ಚೀಟಿಗಳಲ್ಲಿ 17 ಮಕ್ಕಳು 1/8 ದೊಡ್ಡದು ಅಂದರು ಅಂತಿಟ್ಟುಕೊಳ್ಳಿ. ಈಗ ನಿಮ್ಮ ಸಮರ್ಥನೆಯ ಮೊದಲ ಸಾಲು ಸಿಕ್ಕಿತು:

‘ಪೂರ್ವಜ್ಞಾನ ಪರೀಕ್ಷೆಯಲ್ಲಿ 28ರಲ್ಲಿ 17 ಮಕ್ಕಳು ಛೇದ ದೊಡ್ಡದಾದರೆ ಭಿನ್ನರಾಶಿಯೂ ದೊಡ್ಡದು ಎಂದುಕೊಂಡಿದ್ದಾರೆ. ಈ ಪಾಠದ ಎಲ್ಲ ಆಯ್ಕೆಗಳೂ ಈ ಒಂದು ತಪ್ಪಿನ ಸುತ್ತ ಇವೆ.’

ಇಂಥ ಸಾಲು ನಿಮ್ಮದೇ ತರಗತಿಯಿಂದ ಬಂದಿರುತ್ತದೆ. ಇನ್ನೊಬ್ಬರ ಫೈಲಿನಿಂದ ಎತ್ತಿಕೊಳ್ಳಲು ಆಗುವುದಿಲ್ಲ.

ಕಲಿಕಾ ಫಲವನ್ನೂ ಇದರ ಮೇಲೆಯೇ ಬರೆಯಿರಿ, ಒಂದೇ ಒಂದು. ‘ಮಕ್ಕಳು ಭಿನ್ನರಾಶಿಗಳನ್ನು ಅರ್ಥಮಾಡಿಕೊಳ್ಳುತ್ತಾರೆ’ ಅಂತ ಬರೆದರೆ ಅದನ್ನು ನೋಡಿ ಅಳೆಯುವುದು ಹೇಗೆ? ‘ಅಂಶ 1 ಇರುವ ಎರಡು ಭಿನ್ನರಾಶಿಗಳಲ್ಲಿ ದೊಡ್ಡದನ್ನು ಗುರುತಿಸಿ, ಕಾರಣವನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ’ ಅಂತ ಬರೆದರೆ ಹೇಳಿದರೋ ಇಲ್ಲವೋ ಕಣ್ಣಿಗೆ ಕಾಣುತ್ತದೆ.

ಚಪಾತಿ ಬಿಟ್ಟು ಪಟ್ಟಿ ಯಾಕೆ

ಭಿನ್ನರಾಶಿ ಅಂದ ಕೂಡಲೇ ಎಲ್ಲರೂ ದುಂಡಗಿನ ಚಪಾತಿ ಬರೆಯುತ್ತಾರೆ. ಅರ್ಧ, ಕಾಲು ತೋರಿಸಲು ಅದು ಚೆನ್ನಾಗಿಯೇ ಇದೆ. ಆದರೆ ಮಕ್ಕಳ ಕೈಯಲ್ಲಿ ದುಂಡನ್ನು ಮೂರು ಸಮ ಭಾಗ ಮಾಡಿಸಿ ನೋಡಿ. ಹೆಚ್ಚಿನವರು ಮೇಲಿನಿಂದ ಕೆಳಗೆ ಎರಡು ನೇರ ಗೆರೆ ಎಳೆಯುತ್ತಾರೆ. ನಡುವಿನ ತುಂಡು ದೊಡ್ಡದು, ಅಕ್ಕಪಕ್ಕದವು ಚಿಕ್ಕವು. ತುಂಡುಗಳೇ ಸಮ ಇಲ್ಲದ ಮೇಲೆ 1/3, 1/4 ಹೋಲಿಸಿ ಪ್ರಯೋಜನ ಇಲ್ಲ.

ಅದಕ್ಕೇ ಕಾಗದದ ಪಟ್ಟಿ. ಅಳತೆ 24 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ. 24 ಸುಮ್ನೆ ಬಂದಿದ್ದಲ್ಲ. ಅದು 2, 3, 4, 6, 8 ಎಲ್ಲದರಿಂದಲೂ ಭಾಗವಾಗುತ್ತದೆ. ಅರ್ಧ ಅಂದರೆ 12 ಸೆಂ.ಮೀ., ಮೂರನೇ ಒಂದು 8, ಕಾಲು 6, ಆರನೇ ಒಂದು 4, ಎಂಟನೇ ಒಂದು 3. ಸ್ಕೇಲ್ ಇಟ್ಟರೆ ಎಲ್ಲೂ ದಶಮಾಂಶ ಬರುವುದಿಲ್ಲ. ಎ4 ಹಾಳೆ 29.7 ಸೆಂ.ಮೀ. ಉದ್ದ, 21 ಸೆಂ.ಮೀ. ಅಗಲ ಇರುತ್ತದೆ. ಹಾಗಾಗಿ ಒಂದು ಹಾಳೆಯಲ್ಲಿ ಏಳು ಪಟ್ಟಿ ಸಿಗುತ್ತವೆ. ಇಬ್ಬರಿಗೆ ಆರು ಪಟ್ಟಿ, 14 ಜೋಡಿ, ಒಟ್ಟು 84 ಪಟ್ಟಿ, ಅಂದರೆ 12 ಹಾಳೆ. ಹರಿದು ಹೋಗುವುದಕ್ಕೆ ಅಂತ ಒಂದು ಜಾಸ್ತಿ ಇಟ್ಟುಕೊಳ್ಳಿ.

ಆರು ಪಟ್ಟಿಗಳಲ್ಲಿ ಒಂದು ಇಡೀ ಪಟ್ಟಿ, ಅದನ್ನು ಮಡಿಸುವ ಹಾಗಿಲ್ಲ. 1/2, 1/4, 1/8 ಇವು ಮೂರನ್ನು ಮಕ್ಕಳೇ ಮಡಿಸುತ್ತಾರೆ. 1/3 ಮತ್ತು 1/6ರ ಪಟ್ಟಿಗಳಿಗೆ ಮಾತ್ರ ನೀವೇ ಮೊದಲು ಗೆರೆ ಹಾಕಿಟ್ಟಿರಬೇಕು. 28 ಪಟ್ಟಿಗೆ ಒಂದೊಂದಾಗಿ ಗೆರೆ ಎಳೆಯುತ್ತಾ ರಾತ್ರಿ ಕಳೆಯಬೇಡಿ. ಪಟ್ಟಿ ಕತ್ತರಿಸುವ ಮೊದಲೇ ಎರಡು ಹಾಳೆಗೆ 8 ಮತ್ತು 16 ಸೆಂ.ಮೀ.ನಲ್ಲಿ ಅಡ್ಡಗೆರೆ ಎಳೆದರೆ ಹದಿನಾಲ್ಕು ಪಟ್ಟಿ ತಯಾರು. ಇನ್ನೆರಡು ಹಾಳೆಗೆ ನಾಲ್ಕು ನಾಲ್ಕು ಸೆಂ.ಮೀ.ಗೆ ಎಳೆದರೆ ಆರರ ಪಟ್ಟಿಗಳೂ ಮುಗಿದವು.

ಮೂರು ಭಾಗ ಮಾಡುವುದನ್ನೂ ಮಕ್ಕಳಿಗೇ ಬಿಡಬಹುದಲ್ವಾ ಅಂತ ಕೇಳಬಹುದು. ಕಾಗದವನ್ನು ಮೂರು ಸಮ ಮಡಿಕೆ ಮಾಡುವುದು ದೊಡ್ಡವರಿಗೂ ಕಿರಿಕಿರಿ. ಮಕ್ಕಳು ಅದರಲ್ಲೇ ಹತ್ತು ನಿಮಿಷ ಕಳೆಯುತ್ತಾರೆ, ಇವತ್ತು ಕಲಿಯಬೇಕಾದದ್ದು ಅದಲ್ಲ. ಇದನ್ನೂ ಫೈಲಿನಲ್ಲಿ ಬರೆಯಿರಿ. ಮಕ್ಕಳ ಕೈಯಿಂದ ಏನನ್ನು ಕಿತ್ತುಕೊಂಡಿರಿ, ಯಾಕೆ ಅನ್ನುವುದೂ ವಿಧಾನದ ಭಾಗವೇ.

ಮಡಿಸುವಾಗ ಒಂದು ಕಡೆ ಕಣ್ಣಿಡಿ. ಪಟ್ಟಿಯನ್ನು ಒಮ್ಮೆ ಮಡಿಸಿದರೆ ಎರಡು ಭಾಗ, ಎರಡು ಸಲ ಮಡಿಸಿದರೆ ನಾಲ್ಕು, ಮೂರು ಸಲ ಮಡಿಸಿದರೆ ಎಂಟು. ಕೆಲವು ಮಕ್ಕಳು ಮಡಿಕೆಗಳನ್ನು ಎಣಿಸಿ ‘ಮೂರು ಸಲ ಮಡಿಸಿದೆ, ಹಾಗಾದರೆ 1/3’ ಅನ್ನುತ್ತಾರೆ. ಇನ್ನು ಕೆಲವರು ಪಟ್ಟಿ ಬಿಡಿಸಿ ಗೆರೆಗಳನ್ನು ಎಣಿಸಿ ‘ಏಳು’ ಅನ್ನುತ್ತಾರೆ. ಇದನ್ನು ಮೊದಲೇ ಊಹಿಸಿ ‘ಬಿಡಿಸಿದ ಮೇಲೆ ಪ್ರತಿ ತುಂಡಿನ ಮೇಲೂ 1/8 ಅಂತ ಬರೆಸುವುದು’ ಎಂದು ಯೋಜನೆಯಲ್ಲಿ ಸೇರಿಸಿ. ಎಂಟು ಸಲ ಬರೆದ ಮಗು ಅದನ್ನು ಮೂರು ಅಂತ ಹೇಳುವುದು ಕಷ್ಟ.

ಫೈಲಿನಲ್ಲಿ ಹೀಗೆ ಬರೆಯಬಹುದು:

‘ವೃತ್ತದ ಬದಲು ಪಟ್ಟಿ ಬಳಸಿದ್ದೇನೆ. ವೃತ್ತವನ್ನು ಮೂರು ಸಮ ಭಾಗ ಮಾಡುವುದು ಈ ಮಕ್ಕಳಿಗೆ ಕಷ್ಟ. ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ತುಂಡಿನ ಉದ್ದ ನೇರವಾಗಿ ಕಾಣುತ್ತದೆ. ಮುಂದೆ ಸಂಖ್ಯಾರೇಖೆ ಕಲಿಸುವಾಗ ಇದೇ ಪಟ್ಟಿ ರೇಖೆಯಾಗುತ್ತದೆ. 2, 4, 8ನ್ನು ಮೊದಲು ಮಡಿಸಿದ್ದಕ್ಕೆ ಕಾರಣ, ಪ್ರತಿ ಮಡಿಕೆಗೂ ತುಂಡುಗಳು ಹೆಚ್ಚಾಗಿ ತುಂಡು ಚಿಕ್ಕದಾಗುವುದನ್ನು ಮಗು ತನ್ನ ಕೈಯಲ್ಲೇ ನೋಡುತ್ತದೆ.’

ಜೆರೋಮ್ ಬ್ರೂನರ್ ಹೇಳಿದ ಮೂರು ಹಂತಗಳು, ಅಂದರೆ ಮಾಡಿ ತಿಳಿಯುವುದು, ಚಿತ್ರದಲ್ಲಿ ತಿಳಿಯುವುದು, ಚಿಹ್ನೆಯಲ್ಲಿ ತಿಳಿಯುವುದು, ಇಲ್ಲಿಗೆ ಹೊಂದುತ್ತವೆ. ಬೇಕಿದ್ದರೆ ಒಂದು ಸಾಲು ಸೇರಿಸಿ. ಆದರೆ ಮಡಿಸುವುದು, ಪಟ್ಟಿಯ ಚಿತ್ರ ಬರೆಯುವುದು, 1/8 ಅಂತ ಬರೆಯುವುದು ಇವುಗಳಲ್ಲಿ ಯಾವುದು ಯಾವ ಹಂತ ಅಂತ ತೋರಿಸಿ. ಬರೀ ಹೆಸರು ಹಾಕಿದರೆ ಅದೂ ಜಾಗ ತುಂಬಿಸುವ ಸಾಲೇ.

ಓದುವ ಮಾತು

ಕನ್ನಡ ಮಾಧ್ಯಮದ ತರಗತಿಯಲ್ಲಿ ಯಾರೂ ಬರೆಯದ, ಆದರೆ ಬರೆಯಲೇಬೇಕಾದ ಒಂದು ಆಯ್ಕೆ ಇದೆ. 1/8ನ್ನು ನಾವು ‘ಎಂಟನೇ ಒಂದು’ ಅಂತ ಓದುತ್ತೇವೆ. ಬರೆಯುವಾಗ ಒಂದು ಮೊದಲು, ಓದುವಾಗ ಎಂಟು ಮೊದಲು. ಕೇಳಿಸಿಕೊಂಡು ಬರೆಯಲು ಹೇಳಿದರೆ ಮಗು ಕಿವಿಗೆ ಬಿದ್ದ ಕ್ರಮದಲ್ಲೇ 8/1 ಅಂತ ಬರೆಯುವುದು ಸಹಜ. ಇದು ಅಜಾಗರೂಕತೆ ಅಲ್ಲ.

ಇದಕ್ಕೆ ನಾನು ಹೇಳುವ ಉಪಾಯ ಚಿಕ್ಕದು. ಮೊದಲ ಹದಿನೈದು ನಿಮಿಷ ‘ಎಂಟನೇ ಒಂದು’ ಅನ್ನಲೇಬೇಡಿ. ‘ಎಂಟು ಸಮ ಭಾಗ ಮಾಡಿದೆವು, ಅದರಲ್ಲಿ ಒಂದು’ ಅಂತ ಪೂರ್ತಿ ಹೇಳಿ. ಹೇಳುತ್ತಾ ಮೊದಲು ಅಡ್ಡಗೆರೆ, ಅದರ ಕೆಳಗೆ 8, ಆಮೇಲೆ ಮೇಲೆ 1 ಬರೆಯಿರಿ. ಕೈ ಮತ್ತು ಮಾತು ಒಂದೇ ಕ್ರಮದಲ್ಲಿ ಹೋಗುತ್ತವೆ.

ಹಾಗೇ ಮನೆಯ ಮಾತನ್ನೂ ಬಳಸಿಕೊಳ್ಳಿ. ಕಾಲು ಕೆಜಿ, ಅರ್ಧ ಲೀಟರ್ ಗೊತ್ತಿಲ್ಲದ ಮಗು ಇಲ್ಲ. ‘ಮುಕ್ಕಾಲು’ ಅಂದರೆ ಮೂರು ಕಾಲು. ಆ ಪದದ ಒಳಗೇ ಮೂರು ಸಲ 1/4 ಕೂತಿದೆ. ಹಳಬರು 1/8ಕ್ಕೆ ‘ಅರೆಕಾಲು’ ಅನ್ನುತ್ತಿದ್ದರು, ಕಾಲಿನ ಅರ್ಧ. ಕಾಲಿನಲ್ಲಿ ಅರ್ಧ ಅಂದ ಮೇಲೆ ಅದು ಕಾಲಿಗಿಂತ ಚಿಕ್ಕದೇ ಅಲ್ವಾ? ಛೇದ ದೊಡ್ಡದಾದರೆ ಭಿನ್ನರಾಶಿ ದೊಡ್ಡದು ಅನ್ನುವ ಮಗುವಿಗೆ ಇದಕ್ಕಿಂತ ಒಳ್ಳೆಯ ಸುಳಿವು ಇಲ್ಲ. ನನ್ನ ಕೇಳಿದರೆ ಈ ಪಾಠದ ಸಮರ್ಥನೆಯಲ್ಲಿ ಅತಿ ಗಟ್ಟಿ ಭಾಗ ಇದೇ.

ಜೋಡಿ, ಪ್ರಶ್ನೆ, ಕಾಯುವುದು

ಗುಂಪು ಅಂದರೆ ಐದೈದು ಜನ ಅಂತ ಒಂದು ರೂಢಿ ಬಿದ್ದುಹೋಗಿದೆ. ಒಂದು ಪಟ್ಟಿಯನ್ನು ಐದು ಜನ ಮಡಿಸಲು ಆಗುವುದಿಲ್ಲ. ಒಬ್ಬ ಮಡಿಸುತ್ತಾನೆ, ನಾಲ್ವರು ನೋಡುತ್ತಾರೆ. ಅದಕ್ಕೇ ಜೋಡಿ: ಒಬ್ಬರು ಮಡಿಸಿದರೆ ಇನ್ನೊಬ್ಬರು ಬರೆಯುತ್ತಾರೆ, ಮುಂದಿನ ಪಟ್ಟಿಗೆ ಅದಲುಬದಲು. ಸಮರ್ಥನೆಗೆ ಇಷ್ಟು ಸಾಕು.

ಪ್ರಶ್ನೆಗಳ ವಿಷಯಕ್ಕೆ ಬಂದರೆ, ಎಷ್ಟೋ ಪ್ರಶಿಕ್ಷಣಾರ್ಥಿಗಳು ಪಾಠವನ್ನು ಹಂಚಿಕೆಯ ಕಥೆಯಿಂದ ಶುರು ಮಾಡುತ್ತಾರೆ. ‘ಒಂದು ಚಿಕ್ಕಿಯನ್ನು ಆರು ಜನ ಹಂಚಿಕೊಂಡರೆ ಜಾಸ್ತಿ ಸಿಗುತ್ತದಾ, ಎಂಟು ಜನ ಹಂಚಿಕೊಂಡರಾ?’ ಇಡೀ ತರಗತಿ ‘ಆರು ಜನ ಮಿಸ್’ ಅಂತ ಕೂಗುತ್ತದೆ. ಶಿಕ್ಷಕಿಗೆ ಖುಷಿ. ಎರಡು ನಿಮಿಷದ ನಂತರ ಹಲಗೆಯ ಮೇಲೆ 1/6, 1/8 ಬರೆದರೆ ಅದೇ ಮಕ್ಕಳು 1/8ಕ್ಕೆ ಕೈ ಎತ್ತುತ್ತಾರೆ. ಚಿಕ್ಕಿಯ ಜ್ಞಾನ ಒಂದು ಕಡೆ, ಬರೆದ ಸಂಖ್ಯೆ ಇನ್ನೊಂದು ಕಡೆ, ನಡುವೆ ಸೇತುವೆ ಇಲ್ಲ.

ಹಾಗಾಗಿ ಕ್ರಮವನ್ನು ತಿರುಗಿಸಿ. ಮೊದಲು ಹಲಗೆಯ ಮೇಲೆ 1/6, 1/8 ಬರೆದು ಕೈ ಎತ್ತಿಸಿ, ಎಷ್ಟೆಷ್ಟು ಕೈ ಅಂತ ಮೂಲೆಯಲ್ಲಿ ಬರೆದಿಡಿ. ಸರಿ ತಪ್ಪು ಹೇಳಬೇಡಿ. ಆಮೇಲೆ ಚಿಕ್ಕಿ ಪ್ರಶ್ನೆ. ಈಗ ಮಕ್ಕಳ ಉತ್ತರಗಳೇ ಒಂದಕ್ಕೊಂದು ಜಗಳ ಆಡುತ್ತವೆ. ಆ ಜಗಳ ಬಿಡಿಸಲು ಪಟ್ಟಿ ಬೇಕಾಗುತ್ತದೆ.

‘1/8 ಯಾಕೆ ದೊಡ್ಡದು?’

‘8 ದೊಡ್ಡದಲ್ವಾ ಮಿಸ್.’

‘ಸರಿ, ನಿನ್ನ ಪಟ್ಟಿಯಲ್ಲಿ ಒಂದು ತುಂಡು ತೋರಿಸು. ಆರರ ಪಟ್ಟಿಯ ಒಂದು ತುಂಡಿನ ಪಕ್ಕ ಇಡು.’

ಇಲ್ಲಿ ಬಾಯಿ ಮುಚ್ಚಿ ನಿಲ್ಲುವುದೇ ಕಷ್ಟದ ಕೆಲಸ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಅಥವಾ ಇನ್ನೂ ಜಾಸ್ತಿ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಅಂತ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದರು. ಯೋಜನೆಯಲ್ಲಿ ಈ ಪ್ರಶ್ನೆಯ ಪಕ್ಕ ‘3 ಸೆಕೆಂಡು’ ಅಂತ ಬರೆದುಕೊಳ್ಳಿ. ಹಿಂದೆ ಕೂತ ವೀಕ್ಷಕರಿಗೂ ಅದನ್ನೇ ಗಮನಿಸಲು ಹೇಳಿ.

ನಿಯಮವನ್ನು ನೀವು ಹೇಳಬೇಡಿ, ಮಕ್ಕಳು ಹೇಳಲಿ. ಹೇಳಿದ ಕೂಡಲೇ ಅದು ಎಲ್ಲಿಯವರೆಗೆ ನಡೆಯುತ್ತದೆ ಅಂತ ತೋರಿಸಿ. ‘ಕೆಳಗಿನ ನಂಬರ್ ದೊಡ್ಡದಾದರೆ ಭಿನ್ನರಾಶಿ ಚಿಕ್ಕದು’ ಅಂತ ಅವರು ಹೇಳಿದರೆ 2/3 ಮತ್ತು 5/6 ಕೊಡಿ. ಪಟ್ಟಿಯಲ್ಲಿ ಅಳೆದರೆ 16 ಸೆಂ.ಮೀ. ಮತ್ತು 20 ಸೆಂ.ಮೀ. ಅವರ ನಿಯಮ ಮುರಿಯಿತು. ಇದನ್ನು ಬಿಡಿಸಿ ಹೇಳುವುದು ಇವತ್ತಿನ ಕೆಲಸ ಅಲ್ಲ. ಮೇಲಿನ ನಂಬರ್ ಒಂದೇ ಇದ್ದಾಗ ಮಾತ್ರ ನಿಯಮ ನಡೆಯುತ್ತದೆ ಅಂತ ಮಕ್ಕಳಿಗೆ ಕಂಡರೆ ಸಾಕು.

ಸಮಯ

ಅವಧಿ 40 ನಿಮಿಷ ಇದ್ದರೂ 35ಕ್ಕೆ ಯೋಜನೆ ಮಾಡಿ. ಹಾಜರಿ, ಬಾಗಿಲಲ್ಲಿ ನಿಂತ ಇನ್ನೊಂದು ತರಗತಿಯ ಹುಡುಗ, ನೋಟಿಸು, ಐದು ನಿಮಿಷ ಹೋಗಿಯೇ ಹೋಗುತ್ತದೆ. ಕೈ ಎತ್ತಿಸುವುದು ಮತ್ತು ಚಿಕ್ಕಿಗೆ 4, ಪಟ್ಟಿಗೆ 13, ಹಲಗೆಯ ಮೇಲೆ ಚಿತ್ರ ಮತ್ತು ಬರವಣಿಗೆಗೆ 8, 2/3–5/6ಕ್ಕೆ 6, ಕೊನೆಯ ಚೀಟಿಗೆ 4. ತಡವಾದರೆ ಬಿಡಬೇಕಾದದ್ದು 2/3–5/6. ಚೀಟಿಯನ್ನು ಮಾತ್ರ ಬಿಡಬೇಡಿ. ಅದು ಹೋದರೆ ಮುಂದಿನ ಬರಹಕ್ಕೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಕೆಲವು ಕಾಲೇಜುಗಳು 5ಇ ಮಾದರಿಯಲ್ಲೇ ಬರೆಯಲು ಹೇಳುತ್ತವೆ. ಮೇಲಿನ ಐದು ಭಾಗಗಳು ಹೆಚ್ಚು ಕಡಿಮೆ ಅದೇ ಐದಕ್ಕೆ ಕೂರುತ್ತವೆ. ಅಂಚಿನಲ್ಲಿ ತೊಡಗಿಸುವಿಕೆ, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಅಂತ ಬರೆಯಿರಿ. ಆದರೆ ಅಂಚಿನ ಹೆಸರನ್ನೇ ಕಾರಣ ಅಂದುಕೊಳ್ಳಬೇಡಿ.

ಕೊನೆಯ ಚೀಟಿ

ಎರಡೇ ಪ್ರಶ್ನೆ. 1/5, 1/9 ಇವುಗಳಲ್ಲಿ ಯಾವುದು ದೊಡ್ಡದು, ಯಾಕೆ? 2/7, 5/7 ಇವುಗಳಲ್ಲಿ ಯಾವುದು ದೊಡ್ಡದು?

ಐದರ, ಒಂಬತ್ತರ ಪಟ್ಟಿ ಮಕ್ಕಳು ಮಾಡಿಲ್ಲ. ಹಾಗಾಗಿ ನೆನಪಿನಿಂದ ಬರೆಯಲು ಆಗುವುದಿಲ್ಲ, ಯೋಚಿಸಬೇಕು. ಎರಡನೆಯದು ಬಲೆ. ‘ಚಿಕ್ಕ ನಂಬರ್ ಇದ್ದದ್ದು ದೊಡ್ಡದು’ ಅಂತ ಬರೀ ಬಾಯಿಪಾಠ ಮಾಡಿದ ಮಗು 2/7 ಅಂತ ಬರೆಯುತ್ತದೆ. ಹಿಂದಿನ ದಿನ 3/8–5/8 ಸರಿ ಮಾಡಿದ್ದ ಮಗು ಇವತ್ತು ಇದನ್ನು ತಪ್ಪಿದರೆ, ತಪ್ಪು ನಿಮ್ಮ ಪಾಠದ್ದು. ಅದನ್ನು ಮುಚ್ಚಿಡದೆ ಬರೆಯಿರಿ.

ಅದೇ ಸಂಜೆ ಚೀಟಿಗಳನ್ನು ಮೂರು ಗುಡ್ಡೆ ಮಾಡಿ: ಉತ್ತರ ಮತ್ತು ಕಾರಣ ಎರಡೂ ಸರಿ, ಉತ್ತರ ಸರಿ ಆದರೆ ಕಾರಣ ಇಲ್ಲ, ತಪ್ಪು. 19, 5, 4 ಬಂತು ಅಂತಿಟ್ಟುಕೊಳ್ಳಿ. ನಡುವಿನ ಐದನ್ನು ಮತ್ತೆ ಮತ್ತೆ ಓದಿ. ‘ಯಾಕಂದ್ರೆ 5 ಚಿಕ್ಕದು’ ಅಂತ ಬರೆದದ್ದು ಕಾರಣ ಅಲ್ಲ. ‘ಐದು ಭಾಗ ಮಾಡಿದರೆ ಒಂದೊಂದು ಭಾಗ ದೊಡ್ಡದಾಗಿ ಬರುತ್ತದೆ’ ಅಂತ ಬರೆದದ್ದು ಕಾರಣ.

ನಡೆದದ್ದನ್ನು ಬರೆಯುವುದು

ಆತ್ಮಾವಲೋಕನದ ಪುಟದಲ್ಲಿ ‘ಪಾಠ ಯಶಸ್ವಿಯಾಯಿತು’ ಅಂತ ಬರೆಯುವವರೇ ಜಾಸ್ತಿ. ನಾನೂ ಬರೆದಿದ್ದೆ. ಪ್ರಶಿಕ್ಷಣಾರ್ಥಿಯಾಗಿದ್ದಾಗ ಇದೇ ಪಾಠ ಮಾಡುವಾಗ ಹಾಳೆ ಸಾಲದೆ ಕೊನೆಯ ಎರಡು ಜೋಡಿಗೆ ನೋಟ್‌ಬುಕ್ ಹಾಳೆಯಿಂದ ಪಟ್ಟಿ ಕತ್ತರಿಸಿದ್ದೆ. ಅವು 20 ಸೆಂ.ಮೀ. ಇದ್ದವು. ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡಿದ್ದೆ. ಹಿಂದಿನ ಬೆಂಚಿನ ಹುಡುಗಿಗೆ ಗೊತ್ತಾಯಿತು. ‘ಮಿಸ್, ನಮ್ಮ ಅರ್ಧ ಅವರ ಅರ್ಧಕ್ಕಿಂತ ಚಿಕ್ಕದು.’ ನಾನು ‘ಸುಮ್ನಿರು’ ಅಂತ ಹೇಳಿ ಬೇರೆ ಪಟ್ಟಿ ಕೊಟ್ಟು ಮುಂದೆ ಹೋದೆ.

ಹಿಂದೆ ಕೂತಿದ್ದ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ಪಾಠದ ಮುಖ್ಯ ಪ್ರಶ್ನೆಯನ್ನು ಮಗು ಕೇಳಿತು, ಶಿಕ್ಷಕಿ ಬಿಟ್ಟರು.’ ಹೌದಲ್ಲ. ಇಡೀ ವಸ್ತು ಒಂದೇ ಅಳತೆಯದಾಗಿದ್ದರೆ ಮಾತ್ರ ಭಿನ್ನರಾಶಿಗಳನ್ನು ಹೋಲಿಸಬಹುದು ಅನ್ನುವುದನ್ನು ನಾನು ಯೋಜನೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಈಗ ಈ ಪಾಠ ಮಾಡುವವರಿಗೆ ಒಂದು ಗಿಡ್ಡ ಪಟ್ಟಿಯನ್ನು ಬೇಕಂತಲೇ ಚೀಲದಲ್ಲಿ ಇಟ್ಟುಕೊಳ್ಳಿ ಅಂತ ಹೇಳುತ್ತೇನೆ. ಹದಿಮೂರು ನಿಮಿಷದ ಪಟ್ಟಿ ಕೆಲಸ ಮುಗಿಯುತ್ತಿದ್ದಂತೆ ಅದನ್ನು ತೆಗೆದು ‘ಇದರ ಅರ್ಧ, ನಿಮ್ಮ ಅರ್ಧ ಒಂದೇನಾ?’ ಅಂತ ಕೇಳಿ.

ಅವಲೋಕನಕ್ಕೆ ಇಂಥ ಒಂದು ಘಟನೆ ಸಾಕು. ಏನು ನಡೆಯಿತು, ಆಗ ಏನು ಮಾಡಿದಿರಿ, ಯೋಜನೆಯ ಯಾವ ಸಾಲು ಬದಲಾಗಬೇಕು ಅಂತ ಬರೆಯಿರಿ. ಬದಲಾದ ಸಾಲನ್ನು ಕೆಂಪು ಶಾಯಿಯಲ್ಲಿ ಹಳೆಯ ಸಾಲಿನ ಪಕ್ಕದಲ್ಲೇ ಬರೆಯಿರಿ. ಹೊಸದಾಗಿ ನೀಟಾಗಿ ಬರೆದು ಹಳೆಯದನ್ನು ಹರಿದು ಹಾಕಬೇಡಿ.

ಫೈಲು ಕಟ್ಟುವಾಗ ಮೊದಲ ಚೀಟಿಯ ಫಲಿತಾಂಶ, ಯೋಜನೆ, ಪ್ರತಿ ಆಯ್ಕೆಯ ಪಕ್ಕ ಅದರ ಸಮರ್ಥನೆ, ಹಲಗೆಯ ನಕ್ಷೆ, ವೀಕ್ಷಕರ ಹಾಳೆ, ಅವಲೋಕನ ಈ ಕ್ರಮದಲ್ಲಿ ಇಡಿ. ಸಮರ್ಥನೆಯನ್ನು ಕೊನೆಯಲ್ಲಿ ಬೇರೆ ಪುಟವಾಗಿ ಇಡುವುದಕ್ಕಿಂತ ಪಕ್ಕದ ಕಾಲಂನಲ್ಲಿ ಇಟ್ಟರೆ ಓದುವವರು ಪುಟ ಹಿಂದೆ ಮುಂದೆ ತಿರುಗಿಸಬೇಕಿಲ್ಲ. ಬರೆದು ಮುಗಿದ ಮೇಲೆ ಪ್ರತಿ ಸಮರ್ಥನೆಯಲ್ಲೂ ‘ಭಿನ್ನರಾಶಿ’ ಅನ್ನುವ ಪದ ತೆಗೆದು ‘ಸಸ್ಯದ ಭಾಗಗಳು’ ಅಂತ ಹಾಕಿ ಓದಿ. ಆಗಲೂ ವಾಕ್ಯ ಸರಿಯಾಗಿಯೇ ಕೇಳಿಸಿದರೆ ಅದನ್ನು ಹೊಡೆದು ಹಾಕಿ.

ಮೂರು ಗುಡ್ಡೆಗಳಿಂದ ಒಂದೊಂದು ಚೀಟಿ ಅಂಟಿಸಿ, ಮಗುವಿನ ಹೆಸರಿನ ಮೇಲೆ ಕಾಗದ ಅಂಟಿಸಿ ಮುಚ್ಚಿ. ಅದರ ಕೆಳಗೆ ನಡುವಿನ ಗುಡ್ಡೆಯ ಐದು ಮಕ್ಕಳಿಗೆ ನಾಳೆ ಏನು ಮಾಡುತ್ತೀರಿ ಅಂತ ಎರಡು ಸಾಲು ಬರೆಯಿರಿ: ಮತ್ತೆ ಪಟ್ಟಿ ಕೊಡುತ್ತೀರಾ, ಅಥವಾ ಪಟ್ಟಿ ಕೊಡದೆ ಹತ್ತು ಭಾಗ ಮಾಡಿದರೆ ಒಂದು ತುಂಡು ಎಷ್ಟಿರಬಹುದು ಅಂತ ಬೆರಳಲ್ಲಿ ತೋರಿಸಲು ಹೇಳುತ್ತೀರಾ?